ಐದು ಬಟ್ಟಲು ಕಾಫಿ: ರುಚಿ ಪರೀಕ್ಷೆಯಿಂದ ಕಣದ ದೋಷವನ್ನು ತಿಳಿಯುವ ಬಗೆ

(ಬಳ್ಳಿಗಾವಿಯಲ್ಲಿ ಸೇರಿದ್ದ ಅಡಿಕೆ ಮತ್ತು ಕಾಫಿ ಬೆಳೆಗಾರರ ಮುಂದೆ ನೀಡಿದ ಉಪನ್ಯಾಸ)



ಅಡಿಕೆಯನ್ನು ನೋಡಿ ಬೆಲೆ ಕಟ್ಟುವ ವಿದ್ಯೆಯನ್ನು ಶಿಕಾರಿಪುರ, ಸೊರಬದ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ತಾವೇ ವಿಂಗಡಿಸುತ್ತೀರಿ. ಮಂಡಿಯಲ್ಲಿ ಒಂದು ಹಿಡಿ ಅಡಿಕೆಯನ್ನು ಅಂಗೈಯಲ್ಲಿ ಹರಡಿ, ಒಂದೆರಡನ್ನು ಕತ್ತರಿಸಿ ನೋಡಿದರೆ ಮುಕ್ಕಾಲು ಪಾಲು ಗುಣ ಕಣ್ಣಿಗೇ ತಿಳಿಯುತ್ತದೆ. ಕಾಫಿಯ ವಿಷಯ ಹಾಗಲ್ಲ. ಕಾಫಿ ಬೀಜ ದಪ್ಪವಾಗಿ, ಒಂದೇ ಬಣ್ಣದಲ್ಲಿ, ಹುಳುಕಿಲ್ಲದೆ ಕಂಡರೂ ಅದನ್ನು ಹುರಿದು ಕುಡಿದಾಗ ಹೊಗೆಯ ವಾಸನೆಯೋ, ಕೊಳೆತ ಹಣ್ಣಿನ ನಾತವೋ ಬರಬಹುದು. ಹಸಿರು ಬೀಜದೊಳಗೆ ಅಡಗಿರುವ ಈ ದೋಷ ಹುರಿದು, ಪುಡಿ ಮಾಡಿ, ಬಿಸಿನೀರು ಹಾಕಿದ ಮೇಲೆಯೇ ಹೊರಬರುತ್ತದೆ. ಆದುದರಿಂದಲೇ ಕಾಫಿ ವ್ಯಾಪಾರದಲ್ಲಿ ಬಟ್ಟಲಿನಲ್ಲಿ ರುಚಿ ನೋಡುವ ಪದ್ಧತಿ ಬೆಳೆದು ಬಂದಿದೆ. ಇದಕ್ಕೆ ಕಪ್ಪಿಂಗ್ ಎನ್ನುತ್ತಾರೆ. ನಾನು ಇಂದು ಇದನ್ನು ಬಟ್ಟಲು ಪರೀಕ್ಷೆ ಎಂದು ಕರೆಯುತ್ತೇನೆ.

ಈ ಪರೀಕ್ಷೆ ನಮ್ಮ ರೈತರಿಗೆ ಅಪರಿಚಿತವಾಗಿ ಉಳಿಯಲು ಒಂದು ಕಾರಣವಿದೆ. 1942ರ ಕಾಫಿ ಕಾಯಿದೆಯ ನಂತರ ಬಹಳ ವರ್ಷ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಗಿತ್ತು. ರುಚಿ ನೋಡುವ ಕೆಲಸ ಬೆಂಗಳೂರಿನ ಮಂಡಳಿಯಲ್ಲಿ ನಡೆಯುತ್ತಿತ್ತು. ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿ ಪರೀಕ್ಷಕರೆಂದು ಹೆಸರಾದ ಶ್ರೀಮತಿ ಸುನಾಲಿನಿ ಮೆನನ್ ಅವರು ಎರಡು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ್ದು ಅಲ್ಲಿಯೇ. 1990ರ ದಶಕದಲ್ಲಿ ಪೂಲ್ ಪದ್ಧತಿ ಹಂತ ಹಂತವಾಗಿ ಸಡಿಲಗೊಂಡು, 1996ರ ವೇಳೆಗೆ ಬೆಳೆಗಾರ ತನ್ನ ಕಾಫಿಯನ್ನು ತನಗೆ ಬೇಕಾದವರಿಗೆ ಮಾರುವಂತಾಯಿತು. ಆದರೂ ಊರಿಗೆ ಬರುವ ವ್ಯಾಪಾರಿ ಇಂದಿಗೂ ಮುಖ್ಯವಾಗಿ ನೋಡುವುದು ತೇವಾಂಶವನ್ನು ಮತ್ತು ಔಟ್‌ಟರ್ನನ್ನು, ಅಂದರೆ 50 ಕೆ.ಜಿ. ಒಣ ಚೆರ್ರಿಯ ಮೂಟೆಗೆ ಎಷ್ಟು ಕೆ.ಜಿ. ಬೀಜ ಬರುತ್ತದೆ ಎಂಬುದನ್ನು. ರುಚಿಯನ್ನು ಅವನೂ ನೋಡುವುದಿಲ್ಲ, ನಾವೂ ನೋಡುವುದಿಲ್ಲ. ರುಚಿಗೆ ಹೆಚ್ಚು ಬೆಲೆ ಕೊಡುವ ಖರೀದಿದಾರರು ಬಂದಾಗ ಮಾತ್ರ, ನಮ್ಮ ಸರಕು ಏಕೆ ತಿರಸ್ಕೃತವಾಯಿತು ಎಂಬುದು ನಮಗೆ ಅರ್ಥವಾಗದೆ ಹೋಗುತ್ತದೆ.

ಈ ಊರು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬಾಬಾಬುಡನ್‌ಗಿರಿಯಂಥ 1000 ಮೀಟರಿಗೂ ಮಿಕ್ಕ ಎತ್ತರವನ್ನು ಬಯಸುವ ಅರೇಬಿಕಾ ಇಲ್ಲಿಗೆ ಹೊಂದುವುದಿಲ್ಲ. ಅಡಿಕೆ ಮರಗಳ ನಡುವೆ ತಾವು ಹಾಕಬಹುದಾದದ್ದು ರೊಬಸ್ಟಾ. ಹಣ್ಣನ್ನು ಪಲ್ಪರ್‌ಗೆ ಹಾಕದೆ ಇಡಿಯಾಗಿಯೇ ಒಣಗಿಸಿ ಚೆರ್ರಿಯಾಗಿ ಮಾರುವುದು ರೂಢಿ. ಆದುದರಿಂದ ಇಂದು ಮೇಜಿನ ಮೇಲೆ ಇಟ್ಟಿರುವ ಮೂರು ಮಾದರಿಗಳೂ ರೊಬಸ್ಟಾ ಚೆರ್ರಿಯವು. ಮೂರೂ ಇಲ್ಲಿ ಕುಳಿತಿರುವ ಬೆಳೆಗಾರರು ತಂದುಕೊಟ್ಟವು. ಯಾವುದು ಯಾರದೆಂದು ನಾನು ಹೇಳುವುದಿಲ್ಲ. 1, 2, 3 ಎಂದು ಚೀಟಿ ಅಂಟಿಸಿದ್ದೇನೆ. ವೃತ್ತಿಪರರೂ ಹೀಗೆಯೇ ಮಾಡುತ್ತಾರೆ. ಹೆಸರು ಗೊತ್ತಾದರೆ ನಾಲಿಗೆಗಿಂತ ಮೊದಲು ಮನಸ್ಸು ಅಂಕ ಹಾಕಿಬಿಡುತ್ತದೆ.

ಮೊದಲು ತಯಾರಿಯ ಬಗ್ಗೆ ಹೇಳುತ್ತೇನೆ. ಚೆರ್ರಿಯ ಸಿಪ್ಪೆ ತೆಗೆದು ಬಂದ ಹಸಿರು ಬೀಜವನ್ನು ಹಿಂದಿನ ದಿನ ಹುರಿಯಬೇಕು. ಹುರಿದ 8 ಗಂಟೆಗಳ ನಂತರ, 24 ಗಂಟೆಗಳ ಒಳಗೆ ಪರೀಕ್ಷೆ ನಡೆಯಬೇಕೆಂಬುದು ನಿಯಮ. ಒಡನೆಯೇ ನೋಡಿದರೆ ಬೀಜದಿಂದ ಹೊರಬರುವ ಅನಿಲ ರುಚಿಯನ್ನು ಮರೆಮಾಡುತ್ತದೆ. ತಡವಾದರೆ ಘಮ ಆರಿಹೋಗುತ್ತದೆ. ಹುರಿಯುವುದು 8ರಿಂದ 12 ನಿಮಿಷದಲ್ಲಿ ಮುಗಿಯಬೇಕು, ಬೀಜ ತಿಳಿಗಂದು ಬಣ್ಣದಿಂದ ನಡುಗಂದು ಬಣ್ಣಕ್ಕೆ ಬಂದಾಗ ನಿಲ್ಲಿಸಬೇಕು. ನಮ್ಮ ಮನೆಗಳಲ್ಲಿ ಫಿಲ್ಟರ್ ಕಾಫಿಗೆ ಹುರಿಯುವಷ್ಟು ಕಪ್ಪಾಗಿ ಹುರಿದರೆ ಎಲ್ಲ ಬೀಜವೂ ಒಂದೇ ಕಹಿಯಾಗಿ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ವ್ಯಾಪಾರದಲ್ಲಿ ಕಪ್ಪು ಹುರಿಯೂ ಚಿಕೋರಿಯೂ ಎಷ್ಟೋ ದೋಷಗಳನ್ನು ಮುಚ್ಚುತ್ತವೆ ಎಂಬುದನ್ನು ತಾವು ಇದರಿಂದ ಊಹಿಸಬಹುದು. ಪರೀಕ್ಷೆಯಲ್ಲಿ ಚಿಕೋರಿ, ಹಾಲು, ಸಕ್ಕರೆ ಯಾವುದೂ ಇರುವುದಿಲ್ಲ.

ಪ್ರತಿ ಮಾದರಿಗೂ ಐದು ಬಟ್ಟಲು ಇಡಬೇಕು. ಐದೂ ಒಂದೇ ಅಳತೆಯ, ಒಂದೇ ಆಕಾರದ ಪಿಂಗಾಣಿ ಅಥವಾ ಗಾಜಿನ ಬಟ್ಟಲುಗಳಾಗಿರಬೇಕು. ಅರೇಬಿಕಾ ಆದರೆ 150 ಮಿ.ಲೀ. ನೀರಿಗೆ 8.25 ಗ್ರಾಂ, ರೊಬಸ್ಟಾ ಆದರೆ ಅದಕ್ಕಿಂತ ಅರ್ಧ ಗ್ರಾಂ ಹೆಚ್ಚು, ಅಂದರೆ 8.75 ಗ್ರಾಂ. ಈ ತೂಕಕ್ಕೆ ಅಕ್ಕಸಾಲಿಗರು ಬಳಸುವಂಥ ಸಣ್ಣ ತಕ್ಕಡಿ ಬೇಕಾಗುತ್ತದೆ. ಇಲ್ಲಿ ಬಹಳ ಜನ ತಪ್ಪುವ ಒಂದು ಅಂಶವಿದೆ. ಐದು ಬಟ್ಟಲಿಗೆ ಬೇಕಾದ ಬೀಜವನ್ನು ಒಟ್ಟಿಗೆ ಪುಡಿ ಮಾಡಿ ಆಮೇಲೆ ಹಂಚಿದರೆ ಪರೀಕ್ಷೆಯ ಅರ್ಧ ಪ್ರಯೋಜನ ಹೋಯಿತು. ಒಂದೊಂದು ಬಟ್ಟಲಿನ ಬೀಜವನ್ನೂ ಇಡಿಯಾಗಿಯೇ ಬೇರೆ ಬೇರೆ ತೂಗಿ, ಬೇರೆ ಬೇರೆಯಾಗಿಯೇ ಪುಡಿ ಮಾಡಬೇಕು. ಒಂದು ಮಾದರಿಯಿಂದ ಇನ್ನೊಂದಕ್ಕೆ ಹೋಗುವಾಗ ಹೊಸ ಮಾದರಿಯ ಸ್ವಲ್ಪ ಬೀಜವನ್ನು ಪುಡಿ ಮಾಡಿ ಚೆಲ್ಲಿ, ಯಂತ್ರವನ್ನು ಶುದ್ಧ ಮಾಡಿಕೊಳ್ಳಬೇಕು. ಏಕೆ ಇಷ್ಟು ಕಟ್ಟುನಿಟ್ಟು ಎಂಬುದನ್ನು ಎರಡನೆಯ ಮಾದರಿಗೆ ಬಂದಾಗ ತಾವೇ ನೋಡುವಿರಿ. ಪುಡಿ ಫಿಲ್ಟರ್ ಪುಡಿಗಿಂತ ತರಿಯಾಗಿ, ಹೆಚ್ಚುಕಡಿಮೆ ಉಪ್ಪಿಟ್ಟಿನ ರವೆಯ ಹಾಗೆ ಇರಬೇಕು.

ಈಗ ಪರೀಕ್ಷೆಗೆ ಬರೋಣ. ಆದರೆ ಅದಕ್ಕೆ ಮೊದಲು ಒಂದು ವಿನಂತಿ. ಎಲೆ ಅಡಿಕೆ ಹಾಕಿಕೊಂಡಿರುವವರು ದಯವಿಟ್ಟು ಹೊರಗೆ ಉಗಿದು, ಬಾಯಿ ತೊಳೆದುಕೊಂಡು, ಅರ್ಧ ಗಂಟೆ ಬಿಟ್ಟು ಮೇಜಿನ ಹತ್ತಿರ ಬರಬೇಕು. ಅಡಿಕೆ ಬೆಳೆಗಾರರ ಸಭೆಯಲ್ಲಿ ಈ ಮಾತು ಹೇಳುವುದು ಕಷ್ಟವೇ, ಆದರೂ ಹೇಳದೆ ವಿಧಿಯಿಲ್ಲ. ಅಡಿಕೆಯ ಒಗರು ನಾಲಿಗೆಯ ಮೇಲಿರುವಾಗ ಎಲ್ಲ ಕಾಫಿಯೂ ಒಗರೇ. ಬೀಡಿ, ಸುವಾಸನೆಯ ಎಣ್ಣೆ, ಮುಡಿದ ಮಲ್ಲಿಗೆ ಇವೂ ಮೇಜಿನಿಂದ ದೂರವಿರಬೇಕು. ನೆಗಡಿಯಾದವರು ನೋಡಲೇಬಾರದು.

ಮೊದಲ ಹಂತ ಒಣ ಪುಡಿಯನ್ನು ಮೂಸುವುದು. ಪುಡಿ ಮಾಡಿದ ಹದಿನೈದು ನಿಮಿಷದೊಳಗೆ ಇದು ಆಗಬೇಕು. ನಂತರ ಕುದಿದು ಸ್ವಲ್ಪ ಇಳಿದ, ಸುಮಾರು 93 ಡಿಗ್ರಿ ಸೆಂಟಿಗ್ರೇಡ್‌ನ ನೀರನ್ನು ಪುಡಿಯ ಮೇಲೆ ನೇರವಾಗಿ, ಬಟ್ಟಲಿನ ಅಂಚಿನವರೆಗೆ ಹಾಕಬೇಕು. ಪುಡಿ ಮೇಲಕ್ಕೆ ಬಂದು ದಪ್ಪ ಪದರವಾಗಿ ನಿಲ್ಲುತ್ತದೆ. ಇದನ್ನು ಸುಮಾರು ನಾಲ್ಕು ನಿಮಿಷ ಅಲುಗಿಸಬಾರದು. ಆಮೇಲೆ ಮೂಗನ್ನು ಬಟ್ಟಲಿಗೆ ತೀರ ಹತ್ತಿರ ತಂದು ಚಮಚದ ಹಿಂಬದಿಯಿಂದ ಪದರವನ್ನು ಮೂರು ಸಲ ಕದಡಿ ಒಡೆಯಬೇಕು. ಆ ಕ್ಷಣದಲ್ಲಿ ಏಳುವ ಆವಿಯೇ ಇಡೀ ಪರೀಕ್ಷೆಯಲ್ಲಿ ಅತ್ಯಂತ ಪ್ರಾಮಾಣಿಕ ಸಾಕ್ಷಿ. ಹೊಗೆ, ಬೂಷ್ಟು, ಗೊಬ್ಬರದ ಚೀಲದ ವಾಸನೆ ಇದ್ದರೆ ಮೊದಲು ತಿಳಿಯುವುದು ಇಲ್ಲಿಯೇ. ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹೋಗುವಾಗ ಚಮಚವನ್ನು ಬಿಸಿನೀರಿನಲ್ಲಿ ಅದ್ದಿ ತೊಳೆಯಬೇಕು. ಇಲ್ಲವಾದರೆ ಒಂದರ ದೋಷ ಎಲ್ಲಕ್ಕೂ ಅಂಟುತ್ತದೆ. ಒಡೆದ ಮೇಲೆ ಉಳಿದ ನೊರೆಯನ್ನು ಎರಡು ಚಮಚಗಳಿಂದ ತೆಗೆದುಹಾಕಬೇಕು.

ನೀರು ಹಾಕಿ ಎಂಟು ಹತ್ತು ನಿಮಿಷವಾದಾಗ ಕಾಫಿ ಸುಮಾರು 70 ಡಿಗ್ರಿಗೆ ಇಳಿದಿರುತ್ತದೆ. ಆಗ ಚಮಚದಲ್ಲಿ ತೆಗೆದು ಹೀರಬೇಕು. ಹೀರುವುದೆಂದರೆ ಸಭ್ಯತೆಯಿಂದ ಸಿಪ್ ಮಾಡುವುದಲ್ಲ. ಬಿಸಿ ಸಾರನ್ನು ಸೊರ್ರೆಂದು ಎಳೆಯುವ ಹಾಗೆ, ಗಾಳಿಯೊಡನೆ ಸದ್ದಾಗುವಂತೆ ಎಳೆಯಬೇಕು. ಮಕ್ಕಳಿಗೆ ನಾವು ಬೇಡವೆನ್ನುವ ಆ ಸದ್ದು ಇಲ್ಲಿ ಅಗತ್ಯ. ಕಾರಣವೇನೆಂದರೆ, ನಾಲಿಗೆ ಗುರುತಿಸುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಮಾಂಸದ ಸಾರಿನಂಥ ಒಂದು ಸವಿ, ಹೀಗೆ ಐದೇ ರುಚಿಗಳನ್ನು. ಉಳಿದ ಎಲ್ಲ ಸ್ವಾದವೂ ಮೂಗಿನದು. ಮೂಗು ಹಿಡಿದುಕೊಂಡು ಏಲಕ್ಕಿ ಹಾಕಿದ ಪಾಯಸ ತಿಂದು ನೋಡಿ, ಸಿಹಿ ಮಾತ್ರ ತಿಳಿಯುತ್ತದೆ, ಏಲಕ್ಕಿ ಮಾಯವಾಗುತ್ತದೆ. ಜೋರಾಗಿ ಹೀರಿದಾಗ ಕಾಫಿ ತುಂತುರಾಗಿ ಬಾಯಿಯ ತುಂಬ ಹರಡಿ, ಅದರ ಆವಿ ಗಂಟಲಿನ ಹಿಂಭಾಗದಿಂದ ಮೂಗಿಗೆ ಏರುತ್ತದೆ. ನಾಲಿಗೆಯ ತುದಿ ಸಿಹಿಗೆ, ಹಿಂಭಾಗ ಕಹಿಗೆ ಎಂದು ಹಿಂದಿನ ಪಠ್ಯಪುಸ್ತಕಗಳಲ್ಲಿ ಇದ್ದ ಚಿತ್ರ ತಪ್ಪೆಂದು ಈಗ ಗೊತ್ತಾಗಿದೆ. ನಾಲಿಗೆಯ ಎಲ್ಲ ಭಾಗಗಳೂ ಎಲ್ಲ ರುಚಿಗಳನ್ನೂ ಅರಿಯುತ್ತವೆ. ಹೀರಿದ ಕಾಫಿಯನ್ನು ಮೂರು ನಾಲ್ಕು ಸೆಕೆಂಡು ಬಾಯಲ್ಲಿಟ್ಟು ಉಗಿಯಬೇಕು. ನುಂಗುತ್ತ ಹೋದರೆ ಹದಿನೈದು ಬಟ್ಟಲು ಮುಗಿಯುವ ಹೊತ್ತಿಗೆ ಎದೆ ಹೊಡೆದುಕೊಳ್ಳತೊಡಗುತ್ತದೆ, ಅದರಲ್ಲೂ ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟಿರುತ್ತದೆ.

ಒಂದೇ ಸಲ ಹೀರಿ ತೀರ್ಪು ಕೊಡುವುದಿಲ್ಲ. ಬಿಸಿಯಾಗಿರುವಾಗ ಸ್ವಾದ ಮತ್ತು ಹಿಂದೆ ಉಳಿಯುವ ರುಚಿ, ಇನ್ನೂ ಸ್ವಲ್ಪ ಆರಿದಾಗ ಹುಳಿ ಮತ್ತು ಮೈ, ಮೈಬಿಸಿಗೆ ಇಳಿದಾಗ ಐದು ಬಟ್ಟಲುಗಳು ಒಂದೇ ಸಮನಾಗಿವೆಯೇ, ಶುದ್ಧವಾಗಿವೆಯೇ ಎಂಬುದನ್ನು ನೋಡುತ್ತಾರೆ. ಬಿಸಿ ಇರುವಾಗ ಸುಮ್ಮನಿದ್ದ ದೋಷ ಆರಿದ ಮೇಲೆ ತಲೆ ಎತ್ತುವುದು ಸಾಮಾನ್ಯ. ಆರಿದ ಮೇಲೂ ಹಿತವಾಗಿರುವ ಕಾಫಿಯನ್ನು ನಂಬಬಹುದು.

ಅಂಕ ಹಾಕುವ ಮುಖ್ಯ ಗುಣಗಳು ನಾಲ್ಕು. ಘಮವನ್ನು ಆಗಲೇ ಹೇಳಿದೆ. ಒಣ ಪುಡಿಯ ಮತ್ತು ನೀರು ಬಿದ್ದ ಮೇಲಿನ ಎರಡನ್ನೂ ಸೇರಿಸಿ ಒಂದೇ ಅಂಕ. ಎರಡನೆಯದು ಹುಳಿ. ಹುಳಿ ಎಂದೊಡನೆ ಹುಳಿತ ಮಜ್ಜಿಗೆಯನ್ನು ನೆನೆಸಬೇಡಿ. ಒಳ್ಳೆಯ ಕಾಫಿಯ ಹುಳಿ ಕಿತ್ತಳೆಯ ತೊಳೆಯಂತೆ, ಮುರುಗಲು ಹಣ್ಣಿನ ಪಾನಕದಂತೆ ಬಾಯಿಗೆ ಚುರುಕು ಕೊಟ್ಟು ಒಡನೆಯೇ ಸಿಹಿಗೆ ತಿರುಗುತ್ತದೆ. ಎತ್ತರದ ತೋಟಗಳ, ತೊಳೆದು ತಯಾರಿಸಿದ ಅರೇಬಿಕಾದಲ್ಲಿ ಇದು ಎದ್ದು ಕಾಣುತ್ತದೆ. ಹೋಲಿಕೆಗಾಗಿ ಚಿಕ್ಕಮಗಳೂರು ಕಡೆಯ ಸೆಲೆಕ್ಷನ್ 795ರ ಒಂದು ಬಟ್ಟಲನ್ನು ಪಕ್ಕದ ಮೇಜಿನಲ್ಲಿ ಇಟ್ಟಿದ್ದೇನೆ. ಅಂಕಕ್ಕಲ್ಲ, ಹುಳಿ ಎಂದರೇನು ಎಂದು ತಿಳಿಯುವುದಕ್ಕೆ ಮಾತ್ರ. ರೊಬಸ್ಟಾದಲ್ಲಿ ಹುಳಿ ಕಡಿಮೆ, ಅದರ ಬದಲು ಸ್ವಲ್ಪ ಉಪ್ಪಿನ ಛಾಯೆ ಇರುತ್ತದೆ. ಆದುದರಿಂದ ರೊಬಸ್ಟಾದ ಅಂಕಪಟ್ಟಿಯಲ್ಲಿ ಹುಳಿಯೊಂದನ್ನೇ ನೋಡದೆ ಉಪ್ಪು ಮತ್ತು ಹುಳಿಯ ಹೊಂದಾಣಿಕೆಯನ್ನು, ಅದೇ ರೀತಿ ಕಹಿ ಮತ್ತು ಸಿಹಿಯ ಹೊಂದಾಣಿಕೆಯನ್ನು ನೋಡುತ್ತಾರೆ.

ಮೂರನೆಯದು ಮೈ, ಇಂಗ್ಲಿಷಿನವರು ಬಾಡಿ ಎನ್ನುವುದು. ಇದು ರುಚಿಯಲ್ಲ, ಭಾರ. ನೀರು ಮಜ್ಜಿಗೆಗೂ ಗಟ್ಟಿ ಮಜ್ಜಿಗೆಗೂ ನಾಲಿಗೆಯ ಮೇಲೆ ಇರುವ ವ್ಯತ್ಯಾಸ ಏನೋ ಅದು. ರೊಬಸ್ಟಾದ ಹೆಚ್ಚುಗಾರಿಕೆ ಇಲ್ಲಿದೆ. ಆದರೆ ಭಾರವಿದ್ದು ನುಣುಪಾಗಿದ್ದರೆ ಅಂಕ ಹೆಚ್ಚು, ಭಾರವಿದ್ದು ಮರಳಿನಂತೆ ಒರಟಾಗಿದ್ದರೆ ಕಡಿಮೆ. ನಾಲ್ಕನೆಯದು ಉಗಿದ ಮೇಲೆ ಹಿಂದೆ ಉಳಿಯುವ ರುಚಿ. ನೆಲ್ಲಿಕಾಯಿ ತಿಂದು ನೀರು ಕುಡಿದರೆ ಬಾಯಿ ಸಿಹಿಯಾಗುತ್ತದಲ್ಲವೇ? ಹಾಗೆ ಹಿತವಾಗಿ, ಸ್ವಲ್ಪ ಹೊತ್ತು ನಿಂತು ಹೋಗುವುದು ಒಳ್ಳೆಯದು. ಗಂಟಲು ಒಣಗಿಸುವ ಒಗರು ಉಳಿದರೆ ಬಲಿಯದ ಕಾಯಿ ಸೇರಿದೆ ಎಂದು ಮೊದಲು ಅನುಮಾನಿಸಬೇಕು.

ಒಂದೊಂದು ಗುಣಕ್ಕೂ ಹತ್ತರೊಳಗೆ ಅಂಕ. ವ್ಯವಹಾರದಲ್ಲಿ ಆರಕ್ಕಿಂತ ಮೇಲಿನ ಭಾಗವನ್ನೇ ಕಾಲು ಕಾಲು ಅಂಕವಾಗಿ ಒಡೆದು ಬಳಸುತ್ತಾರೆ: 6 ಒಳ್ಳೆಯದು, 7 ಬಹಳ ಒಳ್ಳೆಯದು, 8 ಅತ್ಯುತ್ತಮ. ರೊಬಸ್ಟಾ ಪಟ್ಟಿಯಲ್ಲಿ ಹೀಗೆ ಎಂಟು ಗುಣಗಳು: ಘಮ, ಸ್ವಾದ, ಹಿಂದೆ ಉಳಿಯುವ ರುಚಿ, ಉಪ್ಪು-ಹುಳಿ, ಕಹಿ-ಸಿಹಿ, ಮೈ, ಸಮತೋಲ ಮತ್ತು ಒಟ್ಟಭಿಪ್ರಾಯ. ಇವುಗಳ ಜೊತೆಗೆ ಐದು ಬಟ್ಟಲುಗಳ ಏಕರೂಪತೆಗೆ 10, ಶುದ್ಧತೆಗೆ 10. ಅಂದರೆ ಒಂದೊಂದು ಬಟ್ಟಲಿಗೆ ಎರಡೆರಡು ಅಂಕ. ಒಟ್ಟು ನೂರು. 80 ಮುಟ್ಟಿದರೆ ಉತ್ತಮ ದರ್ಜೆಯ ರೊಬಸ್ಟಾ. ಅರೇಬಿಕಾಕ್ಕೆ ಹಲವು ವರ್ಷ ಬಳಕೆಯಲ್ಲಿದ್ದ ಇಂಥದೇ ಪಟ್ಟಿಯನ್ನು ಅಂತರರಾಷ್ಟ್ರೀಯ ಸಂಸ್ಥೆ 2024ರಲ್ಲಿ ಬದಲಾಯಿಸಿ, ಇರುವುದನ್ನು ವರ್ಣಿಸುವುದನ್ನೂ ಮೆಚ್ಚುಗೆಯನ್ನೂ ಬೇರೆ ಬೇರೆ ಮಾಡಿದೆ. ನಮ್ಮ ಕೆಲಸಕ್ಕೆ ಹಳೆಯ ಪಟ್ಟಿ ಸಾಕು, ಏಕೆಂದರೆ ನಮಗೆ ಬೇಕಾಗಿರುವುದು ದೋಷ ಎಲ್ಲಿ ಹುಟ್ಟಿತೆಂಬುದು.

ಈಗ ಮಾದರಿಗಳನ್ನು ನೋಡೋಣ. ಒಂದನೆಯದರಲ್ಲಿ ಐದು ಬಟ್ಟಲುಗಳೂ ಒಂದೇ ಸಮ. ಹುರಿದ ಕಡಲೆಯ, ಬೆಲ್ಲದ ಘಮವಿದೆ: 7.5. ಸ್ವಾದಕ್ಕೆ 7.5. ಮೈ ತುಂಬಿದೆ, ನುಣುಪಾಗಿದೆ: 7.75. ಉಪ್ಪು-ಹುಳಿಗೆ 7.25. ಆದರೆ ಉಗಿದ ಮೇಲೆ ಗಂಟಲಲ್ಲಿ ಸ್ವಲ್ಪ ಒಗರು ಉಳಿಯುತ್ತದೆ. ಆದುದರಿಂದ ಹಿಂದೆ ಉಳಿಯುವ ರುಚಿಗೂ ಕಹಿ-ಸಿಹಿಗೂ 7.25. ಸಮತೋಲ ಮತ್ತು ಒಟ್ಟಭಿಪ್ರಾಯಕ್ಕೆ 7.5 ಪ್ರಕಾರ. ಎಂಟು ಸೇರಿ 59.5. ಏಕರೂಪತೆಗೂ ಶುದ್ಧತೆಗೂ ಪೂರ್ತಿ 20. ಒಟ್ಟು 79.5. ಅರ್ಧ ಅಂಕದಲ್ಲಿ 80 ತಪ್ಪಿದೆ. ಈ ಬೆಳೆಗಾರರ ಕಣದಲ್ಲಿ ಏನೂ ದೋಷವಿಲ್ಲ. ಕೊಯ್ಲಿನಲ್ಲಿ ಹಣ್ಣು ಕಾಯಿ ಎನ್ನದೆ ಗೆಲ್ಲಿನಿಂದ ಒಮ್ಮೆಲೇ ಸವರಿ ಎಳೆದಿದ್ದಾರೆಂದು ನನ್ನ ಊಹೆ. ಕೇಳಿದಾಗ ಅವರು ಹೌದೆಂದು ಒಪ್ಪಿದರು. ಕೂಲಿ ಆಳು ಸಿಗದ ಕಾಲದಲ್ಲಿ ಎರಡು ಮೂರು ಸಲ ಹಣ್ಣಾದದ್ದನ್ನಷ್ಟೇ ಆರಿಸಿ ಕೊಯ್ಯಿರಿ ಎಂದು ಹೇಳುವುದು ನನಗೆ ಸುಲಭ, ಲೆಕ್ಕ ಅವರದು. ಒಂದು ಅಗ್ಗದ ಉಪಾಯವಿದೆ. ಕೊಯ್ದ ದಿನವೇ ಹಸಿರು ಕಾಯಿಗಳನ್ನು ಆರಿಸಿ ಬೇರೆ ಒಣಗಿಸಿ ಬೇರೆಯಾಗಿಯೇ ಮಾರಿದರೆ, ಉಳಿದ ಹಣ್ಣಿನ ಒಗರು ತಗ್ಗುತ್ತದೆ.

ಎರಡನೆಯ ಮಾದರಿಯಲ್ಲಿ ನಾಲ್ಕು ಬಟ್ಟಲುಗಳು ಚೆನ್ನಾಗಿವೆ. ಮೂರನೆಯ ಬಟ್ಟಲನ್ನು ಒಡೆದಾಗ ಮುಂದಿನ ಸಾಲಿನವರು ಮುಖ ಹಿಂದೆಳೆದುಕೊಂಡದ್ದನ್ನು ನೋಡಿದೆ. ಕೊಳೆತ ಹಣ್ಣಿನ ನಾತ. ಇದು ಇಡೀ ಸರಕಿನ ದೋಷವಲ್ಲ; ಆ ಬಟ್ಟಲಿಗೆ ಬಿದ್ದ ಸುಮಾರು ಎಪ್ಪತ್ತು ಬೀಜಗಳಲ್ಲಿ ಬಹುಶಃ ಒಂದೇ ಒಂದರ ದೋಷ. ಬೀಜವನ್ನು ಒಟ್ಟಿಗೆ ಪುಡಿ ಮಾಡಿದ್ದರೆ ಈ ನಾತ ಐದಕ್ಕೂ ತೆಳುವಾಗಿ ಹರಡಿ, ಯಾವುದೋ ಮಂಕು ರುಚಿ ಎಂದಷ್ಟೇ ತೋರುತ್ತಿತ್ತು. ಲೆಕ್ಕ ನೋಡಿ. ಉಳಿದ ನಾಲ್ಕು ಬಟ್ಟಲುಗಳ ಮೇಲೆ ಎಂಟು ಗುಣಕ್ಕೂ 7.25ರಂತೆ 58. ಏಕರೂಪತೆಯಲ್ಲಿ ಒಂದು ಬಟ್ಟಲು ಹೋದುದರಿಂದ 8, ಶುದ್ಧತೆಯಲ್ಲಿಯೂ 8. ಇಲ್ಲಿಗೆ 74. ಕುಡಿಯಲಾಗದಂಥ ಗಂಭೀರ ದೋಷಕ್ಕೆ ಬಟ್ಟಲಿಗೆ 4 ಅಂಕ ಕಳೆಯಬೇಕು, ಉಳಿದದ್ದು 70. ಆ ಬೀಜ ಇಲ್ಲದಿದ್ದರೆ 78 ಬರುತ್ತಿತ್ತು.

ಇಂಥ ಬೀಜ ಎಲ್ಲಿಂದ ಬರುತ್ತದೆ? ಗಿಡದ ಬುಡದಲ್ಲಿ ಉದುರಿ, ಅಡಿಕೆ ತೋಟದ ತೇವದಲ್ಲಿ ವಾರಗಟ್ಟಲೆ ಬಿದ್ದಿದ್ದ ಹಣ್ಣನ್ನು ಆರಿಸಿ ಒಳ್ಳೆಯ ಹಣ್ಣಿನ ರಾಶಿಗೆ ಸೇರಿಸಿದಾಗ ಬರಬಹುದು. ಚೀಲದ ಮೂಲೆಯಲ್ಲಿ ಹಿಂದಿನ ಕೊಯ್ಲಿನ ನಾಲ್ಕು ಹಣ್ಣು ಉಳಿದು ಕೊಳೆತಾಗಲೂ ಬರಬಹುದು. ಹಸಿರು ಬೀಜದಲ್ಲಿ ಇದನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ. ಮಂಕಾದ ಕಂದು ಛಾಯೆಯ ಬೀಜವನ್ನು ಕತ್ತರಿಸಿ ಮೂಸಿದಾಗ ನಾತ ಬಂದರೆ ಅದೇ. ಉದುರು ಹಣ್ಣನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ, ಬಿಟ್ಟರೆ ಕಾಯಿಕೊರಕಕ್ಕೆ ಮನೆಯಾಗುತ್ತದೆ. ಆರಿಸಿ ತನ್ನಿ, ಆದರೆ ಬೇರೆ ಚೀಲದಲ್ಲಿ ತಂದು ಬೇರೆ ಕಣದಲ್ಲಿ ಒಣಗಿಸಿ.

ಇಲ್ಲಿ ಪರೀಕ್ಷೆಯ ಮಿತಿಯನ್ನೂ ಹೇಳಬೇಕು. ಐದು ಬಟ್ಟಲಿಗೆ ಹೋಗುವುದು ಸುಮಾರು 350 ಬೀಜ. ಸರಕಿನಲ್ಲಿ ಸರಾಸರಿ 350 ಬೀಜಕ್ಕೆ ಒಂದು ಕೆಟ್ಟ ಬೀಜವಿದೆ ಎಂದಿಟ್ಟುಕೊಳ್ಳಿ. ಒಂದೇ ಬಟ್ಟಲು ನೋಡಿದರೆ ಐದರಲ್ಲಿ ನಾಲ್ಕು ಸಲ ಅದು ಸಿಗದೆ ತಪ್ಪಿಸಿಕೊಳ್ಳುತ್ತದೆ. ಐದು ಬಟ್ಟಲು ನೋಡಿದರೂ ಮೂರರಲ್ಲಿ ಒಂದು ಸಲಕ್ಕಿಂತ ಸ್ವಲ್ಪ ಹೆಚ್ಚೇ ತಪ್ಪಿಸಿಕೊಳ್ಳುತ್ತದೆ. ಆದುದರಿಂದ ಐದೂ ಶುದ್ಧವಾಗಿ ಬಂದವೆಂದು ಇಡೀ ಸರಕಿಗೆ ಪ್ರಮಾಣಪತ್ರ ಕೊಡಲಾಗದು. ಅನುಮಾನವಿದ್ದಲ್ಲಿ ಮತ್ತೆ ಐದು ಬಟ್ಟಲು ಇಟ್ಟು ನೋಡುತ್ತಾರೆ.

ಮೂರನೆಯ ಮಾದರಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿತು, ಏಕೆಂದರೆ ಇದು ಅಡಿಕೆ ಸೀಮೆಯದೇ ದೋಷ. ಬೀಜ ಮೂರರಲ್ಲಿ ಅತ್ಯಂತ ದಪ್ಪ, ಬಣ್ಣವೂ ಚೆನ್ನ. ಕಣ್ಣಿನಿಂದ ಆರಿಸಿದ್ದರೆ ಮೊದಲ ಸ್ಥಾನ ಇದಕ್ಕೇ. ಪದರ ಒಡೆದಾಗ ಹೊಗೆಯ ವಾಸನೆ, ಹೀರಿದಾಗ ಹೊಗೆಯ ಹಿಂದೆಯೇ ಒಂದು ಕಟುವಾದ ಒಗರು. ಮುಖ್ಯ ಸಂಗತಿಯೆಂದರೆ ಐದು ಬಟ್ಟಲುಗಳಲ್ಲೂ ಅದು ಒಂದೇ ಸಮನಾಗಿದೆ. ಒಂದು ಬಟ್ಟಲಿನಲ್ಲಿ ಕಂಡ ದೋಷ ಕೊಯ್ಲಿನ ಕಡೆಗೆ, ಆರಿಸುವಿಕೆಯ ಕಡೆಗೆ ಬೆರಳು ತೋರುತ್ತದೆ. ಐದರಲ್ಲೂ ಕಂಡ ದೋಷ ಇಡೀ ರಾಶಿ ಇದ್ದ ಜಾಗವನ್ನು ತೋರುತ್ತದೆ: ಕಣ, ಉಗ್ರಾಣ, ಚೀಲ. ಬೆಳೆಗಾರರನ್ನು ಕೇಳಿದಾಗ ತಿಳಿದದ್ದಿಷ್ಟು. ರಾತ್ರಿಯ ಇಬ್ಬನಿಗೆ ಹೆದರಿ, ಅರ್ಧ ಒಣಗಿದ ಚೆರ್ರಿಯನ್ನು ದಿನವೂ ಸಂಜೆ ಅಡಿಕೆ ಬೇಯಿಸುವ ಒಲೆಯ ಮಾಡಿನಡಿ ತಂದು ರಾಶಿ ಹಾಕುತ್ತಿದ್ದರು. ಅಡಿಕೆ ಬೇಯಿಸುವುದೂ ರೊಬಸ್ಟಾ ಕೊಯ್ಲೂ ಡಿಸೆಂಬರ್, ಜನವರಿಯಲ್ಲಿ ಒಟ್ಟಿಗೇ ಬರುತ್ತವೆ. ಒಲೆ ನಡುರಾತ್ರಿಯವರೆಗೆ ಉರಿಯುತ್ತದೆ. ತೇವವಿರುವ ಕಾಫಿ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುವುದರಲ್ಲಿ ಬಹಳ ಚುರುಕು, ಆಮೇಲೆ ಎಷ್ಟು ಬಿಸಿಲಿಗೆ ಹಾಕಿದರೂ ಅದು ಹೋಗುವುದಿಲ್ಲ.

ಇದಕ್ಕೆ ಎಂಟು ಗುಣಕ್ಕೂ 6.5ರಂತೆ 52. ಐದೂ ಒಂದೇ ಸಮ ಇರುವುದರಿಂದ ಏಕರೂಪತೆಗೆ ಪೂರ್ತಿ 10. ಕೆಟ್ಟದ್ದರಲ್ಲಿಯೂ ಏಕರೂಪತೆ ಉಂಟು! ಶುದ್ಧತೆಗೆ ಸೊನ್ನೆ. ವಾಸನೆ ಸಾಧಾರಣ ಮಟ್ಟದ್ದಾದುದರಿಂದ ಬಟ್ಟಲಿಗೆ 2ರಂತೆ ಐದಕ್ಕೆ 10 ಕಳೆದರೆ ಕೊನೆಗೆ ಉಳಿಯುವುದು 52. ಒಲೆಯೇ ಕಾರಣವೆಂದು ಖಚಿತಪಡಿಸಿಕೊಳ್ಳಲು ಒಂದು ಸುಲಭ ದಾರಿಯಿದೆ. ಮುಂದಿನ ಕೊಯ್ಲಿನಲ್ಲಿ ಅದೇ ದಿನದ ಹಣ್ಣನ್ನು ಎರಡು ಪಾಲು ಮಾಡಿ, ಒಂದನ್ನು ಈಗಿನಂತೆಯೇ ಮಾಡಿನಡಿ ತರಲಿ, ಇನ್ನೊಂದನ್ನು ಕಣದಲ್ಲಿಯೇ ರಾಶಿ ಮಾಡಿ ಟಾರ್ಪಾಲಿನಿಂದ ಮುಚ್ಚಲಿ. ಬೇರೆ ಎಲ್ಲವೂ ಒಂದೇ ಇರಬೇಕು. ಎರಡನ್ನೂ ಚೀಟಿ ಮರೆಸಿ ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ಐದೂ ಬಟ್ಟಲಿನಲ್ಲಿ ಮಣ್ಣಿನ, ಬೂಷ್ಟಿನ ವಾಸನೆ ಬಂದಿದ್ದರೆ ಮಣ್ಣಿನ ಕಣವನ್ನೋ, ದಪ್ಪವಾಗಿ ಹರಡಿ ಮಗುಚದೆ ಬಿಟ್ಟದ್ದನ್ನೋ ಅನುಮಾನಿಸಬೇಕಿತ್ತು. ಗೊಬ್ಬರದ ಅಥವಾ ಔಷಧಿಯ ವಾಸನೆಯಾದರೆ ಮೊದಲು ನೋಡಬೇಕಾದದ್ದು ಚೀಲವನ್ನು.

ರುಚಿ ನೋಡುವವರು ಮನುಷ್ಯರೇ. ಒಬ್ಬರಿಗೆ 7.5 ಎನಿಸಿದ್ದು ಇನ್ನೊಬ್ಬರಿಗೆ 7 ಎನಿಸಬಹುದು. ಆದುದರಿಂದ ಮೂವರು ನಾಲ್ವರು ಮಾತಾಡದೆ ಬೇರೆ ಬೇರೆಯಾಗಿ ಅಂಕ ಬರೆದು ಆಮೇಲೆ ಹೋಲಿಸುತ್ತಾರೆ. ಕಾಲು ಅರ್ಧ ಅಂಕದ ಅಂತರಕ್ಕೆ ಜಗಳವಾಡುವುದು ವ್ಯರ್ಥ. ಒಂದೇ ಬಟ್ಟಲನ್ನು ಎಲ್ಲರೂ ಕೆಟ್ಟದೆಂದು ಗುರುತಿಸಿದರೇ ಎಂಬುದು ಮುಖ್ಯ. ಇನ್ನು ಬಟ್ಟಲು ಹೇಳದ ಸಂಗತಿಗಳೂ ಇವೆ. ತೇವಾಂಶ ಎಷ್ಟು, ಬೂಷ್ಟಿನ ವಿಷ ಇದೆಯೇ, ಔಷಧಿಯ ಶೇಷ ಇದೆಯೇ ಎಂಬುದನ್ನು ನಾಲಿಗೆ ಹೇಳಲಾರದು. ಅದಕ್ಕೆ ಬೇರೆ ಪರೀಕ್ಷೆಗಳಿವೆ.

ಪ್ರಯೋಗಾಲಯಕ್ಕೆ ಮಾದರಿ ಕಳುಹಿಸುವವರು ಒಂದೇ ಮೂಟೆಯ ಮೇಲ್ಭಾಗದಿಂದ ತೆಗೆಯದೆ, ಹಲವು ಮೂಟೆಗಳ ಮೇಲೆ, ನಡುವೆ, ಕೆಳಗೆ ಹೀಗೆ ಕೈಹಾಕಿ ತೆಗೆದು ಬೆರೆಸಬೇಕು. ಸಿಪ್ಪೆ ತೆಗೆದ ಬೀಜ ಕನಿಷ್ಠ 350 ಗ್ರಾಂ ಇರಲಿ. ಒಳ್ಳೆಯ ಬೀಜವನ್ನೇ ಆರಿಸಿ ಕಳುಹಿಸಿದರೆ ಬರುವ ಅಂಕ ಆ ಪೊಟ್ಟಣಕ್ಕೆ ಸೇರಿದ್ದೇ ಹೊರತು ಮೂಟೆಗಲ್ಲ. ಪೊಟ್ಟಣದೊಳಗೆ ಒಂದು ಚೀಟಿಯಲ್ಲಿ ಕೊಯ್ದ ದಿನ, ಎಷ್ಟು ದಿನ ಒಣಗಿಸಿದ್ದು, ಸಿಮೆಂಟ್ ಕಣವೋ ಟಾರ್ಪಾಲೋ, ರಾತ್ರಿ ಎಲ್ಲಿ ಇಟ್ಟಿದ್ದು, ಯಾವ ಚೀಲದಲ್ಲಿ ತುಂಬಿದ್ದು ಎಂಬುದನ್ನು ಬರೆದು, ಅಂಕ ಹಾಕಿ ಮುಗಿಯುವವರೆಗೆ ತೆರೆಯಬಾರದೆಂದು ಮೇಲೆ ಸೂಚಿಸಿ. ಬೆಂಗಳೂರಿನ ಕಾಫಿ ಮಂಡಳಿಯ ಗುಣಮಟ್ಟ ವಿಭಾಗಕ್ಕೆ ಕಳುಹಿಸುವುದಾದರೂ ಇದೇ ಕ್ರಮ. ಈಗ ಬಟ್ಟಲುಗಳು ಮೈಬಿಸಿಗೆ ಇಳಿದಿರಬೇಕು. ನಾಲ್ಕು ನಾಲ್ಕು ಜನರಂತೆ ಬನ್ನಿ, ಎರಡನೆಯ ಮಾದರಿಯ ಮೂರನೆಯ ಬಟ್ಟಲನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ.